"ಇಷ್ಟು ಬೇಗ ಉತ್ತರ ಕೊಟ್ಟಿದ್ದಕ್ಕೆ ಧನ್ಯವಾದ!": ಒಂದು ಕೊಂಕು ಸಾಲನ್ನು ತಿದ್ದಿ ಬರೆಯುವುದು ಹೇಗೆ

ಒಂಬತ್ತನೆಯ ದಿನ ಉತ್ತರ ಬಂತು. ನಾನು ಕಳಿಸಿದ್ದು ಯಂತ್ರದ ಒಂದು ಬಿಡಿಭಾಗದ ಡ್ರಾಯಿಂಗ್, ಅದರ ಜೊತೆ ಮೂರು ಪ್ರಶ್ನೆ. ಉತ್ತರ ಹೇಳಬೇಕಾದವರು ಬೇರೆ ದೇಶದ ಒಬ್ಬ ಎಂಜಿನಿಯರ್. ಅವರ ಮುಖ ನಾನು ನೋಡಿರಲಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ನಮ್ಮ ಕಡೆ ಕೆಲಸ ನಿಂತುಹೋಗಿತ್ತು. ದಿನಾ ಬೆಳಿಗ್ಗೆ ಮೇಲ್ ತೆಗೆದು ನೋಡುವುದು, ಏನೂ ಬಂದಿಲ್ಲ ಅಂತ ಮುಚ್ಚುವುದು. ಕೊನೆಗೂ ಬಂದಾಗ ನಾನು ತಿರುಗಿ ಬರೆದ ಸಾಲು ಇದು:

"ಇಷ್ಟು ಬೇಗ ಉತ್ತರ ಕೊಟ್ಟಿದ್ದಕ್ಕೆ ತುಂಬಾ ಧನ್ಯವಾದ! ನಾವು ಮುಂದಿನ ವರ್ಷ ಸಿಗಬಹುದು ಅಂದುಕೊಂಡಿದ್ವಿ."

ಬರೆದದ್ದು ಇಂಗ್ಲಿಷಿನಲ್ಲಿ, ಅರ್ಥ ಇಷ್ಟೇ. ನನ್ನ ಪಕ್ಕದಲ್ಲಿ ಕೂರುವವರಿಗೆ ಕಳಿಸಿದ್ದರೆ "ಸಾರಿ ಮಾರಾಯಾ, ಸಿಕ್ಕಾಪಟ್ಟೆ ಕೆಲಸ ಇತ್ತು" ಅನ್ನುವ ಮಾತು ನಗುತ್ತಾ ಬರುತ್ತಿತ್ತು. ಅಲ್ಲಿಂದ ಎರಡು ದಿನ ಏನೂ ಬರಲಿಲ್ಲ. ಮೂರನೆಯ ದಿನ ಎರಡೇ ಸಾಲು ಬಂತು. "ತಡವಾದದ್ದಕ್ಕೆ ಕ್ಷಮೆ ಇರಲಿ. ಇನ್ನು ಮುಂದೆ ಪ್ರಶ್ನೆಗಳನ್ನು ನಮ್ಮ ಮ್ಯಾನೇಜರ್ ಮೂಲಕ ಕಳಿಸಿ." ಸಿಸಿಯಲ್ಲಿ ಆ ಮ್ಯಾನೇಜರ್ ಇದ್ದರು. ಅಲ್ಲಿಯವರೆಗೆ ನನ್ನ ಹೆಸರು ಹಿಡಿದು ಮೇಲ್ ಶುರು ಮಾಡುತ್ತಿದ್ದವರು, ಈ ಸಲ ಹೆಸರೇ ಬರೆದಿರಲಿಲ್ಲ.

ನಾನು ಅವರನ್ನು ಬೈದಿರಲಿಲ್ಲ, ಆದರೆ ಅವರು ಬೈಸಿಕೊಂಡಿದ್ದರು. ಈ ಒಂದು ಸಾಲನ್ನು ಹಿಡಿದುಕೊಂಡೇ ಹೇಳುತ್ತೇನೆ. ಕೊಂಕು ಮಾತನ್ನು ಬೇರೆ ಸಂಸ್ಕೃತಿಯವರಿಗೆ ಕಳಿಸುವ ಮೊದಲು ಹೇಗೆ ಬಿಚ್ಚಬೇಕು, ಹೇಗೆ ತಿದ್ದಿ ಬರೆಯಬೇಕು ಅನ್ನುವುದು ಇದರಲ್ಲೇ ಪೂರ್ತಿ ಸಿಗುತ್ತದೆ.

ಕಾಗದದ ಮೇಲೆ ಏನು ಉಳಿಯುತ್ತದೆ

ಕನ್ನಡದಲ್ಲಿ ನಾವು ಕೊಂಕು ಆಡುವಾಗ ಬರೀ ಪದ ಬಳಸುವುದಿಲ್ಲ. "ಆಹಾ, ಏನು ಬೇಗ ಬಂದ್ರಿ!" ಅನ್ನುವಾಗ ಆ "ಆಹಾ" ಎಳೆಯುತ್ತೇವೆ. "ದೊಡ್ಡ ಪಂಡಿತರು ಹೇಳ್ತಾರಂತೆ" ಅನ್ನುವಾಗ "ಅಂತೆ" ಮೇಲೆ ಸ್ವಲ್ಪ ಒತ್ತು ಬೀಳುತ್ತದೆ. "ಮಹಾ ಕೆಲಸ ಮಾಡಿದೆ ಬಿಡಪ್ಪ" ಅನ್ನುವಾಗ ಆ "ಮಹಾ" ಮತ್ತು "ಬಿಡಪ್ಪ" ಎರಡೂ ಸೇರಿ ಮಾತನ್ನು ತಲೆಕೆಳಗು ಮಾಡುತ್ತವೆ. ದಿನಾ ಏಕವಚನದಲ್ಲಿ ಮಾತಾಡಿಸುವ ಗೆಳೆಯನಿಗೆ ಇದ್ದಕ್ಕಿದ್ದಂತೆ "ತಾವು ದಯಮಾಡಿಸಬೇಕು" ಅಂದರೆ, ಆ ಅತಿ ಮರ್ಯಾದೆಯೇ ಗುರುತು. ಕೇಳುವವರು ಇವನ್ನೆಲ್ಲ ಹುಡುಕಿ ಹಿಡಿಯುವುದಿಲ್ಲ. ಚಿಕ್ಕಂದಿನಿಂದ ಕೇಳಿ ಕೇಳಿ ಕಿವಿಗೇ ಗೊತ್ತಿರುತ್ತದೆ.

ಇದೇ ಮಾತನ್ನು ಇನ್ನೊಂದು ಭಾಷೆಯಲ್ಲಿ ಬರೆದಾಗ "ಆಹಾ" ಹೋಯಿತು, "ಬಿಡಪ್ಪ" ಹೋಯಿತು, ದನಿ ಹೋಯಿತು, ಮುಖದ ಮೇಲಿನ ನಗು ಹೋಯಿತು. ಉಳಿದದ್ದು "ಬೇಗ ಉತ್ತರ ಕೊಟ್ಟಿದ್ದಕ್ಕೆ ಧನ್ಯವಾದ" ಅನ್ನುವ ಪದಗಳು, ಜೊತೆಗೆ ಉತ್ತರಕ್ಕೆ ಒಂಬತ್ತು ದಿನ ಹಿಡಿದಿದೆ ಅನ್ನುವ ಸತ್ಯ. ಓದುವವರು ಈ ಎರಡರ ನಡುವಿನ ಸಂದನ್ನು ತಾವೇ ತುಂಬಿಕೊಳ್ಳಬೇಕು.

ಒಂದೇ ಭಾಷೆ, ಒಂದೇ ದೇಶದವರಲ್ಲೂ ಇದು ಕಷ್ಟ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತವರ ಜೊತೆಗಾರರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನೇ ಅಳೆದು ನೋಡಿತು. ಕೆಲವು ಸಾಲು ನಿಜವಾಗಿ ಹೇಳಿದ್ದು, ಕೆಲವು ವ್ಯಂಗ್ಯ. ಒಬ್ಬರು ಕಳಿಸಬೇಕು, ಇನ್ನೊಬ್ಬರು ಯಾವುದು ಯಾವುದು ಅಂತ ಹೇಳಬೇಕು. ಕಳಿಸಿದವರು ಸುಮಾರು ನೂರಕ್ಕೆ 78 ಸಲ ಸರಿಯಾಗಿ ಅರ್ಥವಾಗುತ್ತದೆ ಅಂತ ನಂಬಿದ್ದರು. ದನಿ ಕೇಳಿಸಿಕೊಂಡವರು 73ರ ಹತ್ತಿರ ಬಂದರು. ಇಮೇಲ್ ಓದಿದವರು 56ರಲ್ಲೇ ನಿಂತರು. ಇದ್ದದ್ದು ಎರಡೇ ಆಯ್ಕೆ. ಸುಮ್ನೆ ನಾಣ್ಯ ಚಿಮ್ಮಿ ಹೇಳಿದರೂ 50 ಬರುತ್ತದೆ ಅಲ್ವಾ?

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ 56 ಅಲ್ಲ, 78. ಬರೆಯುವಾಗ ನಮ್ಮ ತಲೆಯೊಳಗೆ ನಮ್ಮದೇ ದನಿ ಕೇಳುತ್ತಿರುತ್ತದೆ. ಆ ದನಿ ಸಾಲಿನಲ್ಲೂ ಇದೆ ಅಂತಲೇ ನಾವು ಅಂದುಕೊಳ್ಳುತ್ತೇವೆ. ಹಾಗಾಗಿ "ಇದು ತಮಾಷೆ ಅಂತ ಗೊತ್ತಾಗೇ ಆಗುತ್ತೆ" ಅನ್ನುವ ನಮ್ಮ ನಂಬಿಕೆಯನ್ನು ಪರೀಕ್ಷೆಯಾಗಿ ಬಳಸುವಂತಿಲ್ಲ. ಅದು ಯಾವಾಗಲೂ "ಹೌದು" ಅಂತಲೇ ಹೇಳುತ್ತದೆ.

ಕೊಂಕಿನ ಒಳಗೆ ಮುರಿದ ಒಂದು ನಿರೀಕ್ಷೆ

ವ್ಯಂಗ್ಯ ಅಂದರೆ ಹೇಳಿದ್ದಕ್ಕೆ ಉಲ್ಟಾ ಅರ್ಥ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ತಿದ್ದಿ ಬರೆಯಲು ಹೊರಟರೆ ಈ ಅರ್ಥ ಸಾಲುವುದಿಲ್ಲ. ನನ್ನ ಸಾಲನ್ನೇ ಉಲ್ಟಾ ಮಾಡಿ ನೋಡಿ. "ತಡವಾಗಿ ಉತ್ತರ ಕೊಟ್ಟಿದ್ದಕ್ಕೆ ಧನ್ಯವಾದ ಇಲ್ಲ" ಅಂತ ಆಗುತ್ತದೆ. ನಾನು ಹೇಳಬೇಕು ಅಂದುಕೊಂಡಿದ್ದು ಇದಲ್ಲವೇ ಅಲ್ಲ.

ಡಾನ್ ಸ್ಪೆರ್ಬರ್ ಮತ್ತು ಡೀರ್ಡ್ರ ವಿಲ್ಸನ್ ಎಂಬ ಇಬ್ಬರು ವಿದ್ವಾಂಸರು 1981ರಲ್ಲಿ ಬೇರೆ ಒಂದು ವಿವರಣೆ ಕೊಟ್ಟರು. ವ್ಯಂಗ್ಯ ಒಂದು ಪ್ರತಿಧ್ವನಿ ಅನ್ನುವುದು ಅವರ ಮಾತು. ಯಾರೋ ಹೇಳಿದ್ದನ್ನು, ಅಥವಾ ಎಲ್ಲರೂ ಆಗಬೇಕು ಅಂದುಕೊಂಡಿದ್ದನ್ನು ನಾವು ಮತ್ತೆ ಹೇಳುತ್ತೇವೆ. ಹೇಳುತ್ತಲೇ "ನೋಡಿ, ಇದು ಹೇಗೆ ಸುಳ್ಳಾಯಿತು" ಅಂತ ದೂರ ನಿಂತು ತೋರಿಸುತ್ತೇವೆ. ಮಳೆ ಸುರಿಯುವಾಗ "ಸುತ್ತಾಡಲು ಎಂಥಾ ಒಳ್ಳೇ ದಿನ" ಅನ್ನುವವರು, ಬಿಸಿಲು ಇರುತ್ತದೆ ಅಂದುಕೊಂಡಿದ್ದ ಆಸೆಯನ್ನು ಮತ್ತೆ ಹೇಳುತ್ತಿದ್ದಾರೆ.

ತಿದ್ದುವವರಿಗೆ ಈ ವಿವರಣೆ ತುಂಬ ಉಪಯೋಗಕ್ಕೆ ಬರುತ್ತದೆ. ಪ್ರತಿ ಕೊಂಕಿನ ಒಳಗೂ ಮುರಿದುಹೋದ ಒಂದು ನಿರೀಕ್ಷೆ ಇರುತ್ತದೆ. ಅದನ್ನು ಹುಡುಕಿ ತೆಗೆದರೆ ನೇರ ಸಾಲು ಅರ್ಧ ಸಿಕ್ಕಹಾಗೆ. ನನ್ನ ಸಾಲಿನಲ್ಲಿದ್ದ ನಿರೀಕ್ಷೆ ಇದು: ಕೆಲಸದ ಪ್ರಶ್ನೆ ಕೇಳಿದರೆ ಒಂದೆರಡು ದಿನದಲ್ಲಿ ಏನಾದರೂ ಒಂದು ಉತ್ತರ ಬರಬೇಕು. ಪೂರ್ತಿ ಉತ್ತರ ಇಲ್ಲದಿದ್ದರೆ "ನೋಡ್ತಾ ಇದ್ದೀನಿ" ಅಂತಲಾದರೂ ಬರಬೇಕು.

ಆಮೇಲೆ ಕೇಳಬೇಕಾದ ಪ್ರಶ್ನೆಯೇ ಮುಖ್ಯ. ಈ ನಿರೀಕ್ಷೆ ಅವರಿಗೂ ಗೊತ್ತಿತ್ತೇ?

ಗೊತ್ತಿರಲಿಲ್ಲ. ಇದು ಆಮೇಲೆ ಅವರ ತಂಡದ ಇನ್ನೊಬ್ಬರು ಫೋನಿನಲ್ಲಿ ಹೇಳಿದ ಮೇಲೆ ನನಗೆ ತಿಳಿಯಿತು. ಮೊದಲ ಮತ್ತು ಮೂರನೆಯ ಪ್ರಶ್ನೆಗಳ ಉತ್ತರ ಅವರ ಹತ್ತಿರ ಮೊದಲ ದಿನವೇ ಇತ್ತು. ಎರಡನೆಯದಕ್ಕೆ ಇನ್ನೊಂದು ವಿಭಾಗದಿಂದ ಅಳತೆ ತರಿಸಬೇಕಿತ್ತು. ಅರ್ಧ ಉತ್ತರ ಕಳಿಸುವುದು ಅವರು ಕೆಲಸ ಕಲಿತ ಜಾಗದಲ್ಲಿ ಬೇಜವಾಬ್ದಾರಿ. ಖಚಿತ ಆಗುವವರೆಗೆ ಬಾಯಿ ಬಿಡಬಾರದು, ಬಿಟ್ಟರೆ ಅದು ಸರಿ ಇರಬೇಕು. ಆ ಒಂಬತ್ತು ದಿನ ಅವರು ಸುಮ್ಮನಿದ್ದದ್ದು ನನ್ನ ಕೆಲಸಕ್ಕೆ ಅವರು ಕೊಟ್ಟ ಮರ್ಯಾದೆ. ನಾನು ಆ ಮರ್ಯಾದೆಯನ್ನೇ ಅಣಕಿಸಿದ್ದೆ.

ಸಂಸ್ಕೃತಿ ಬೇರೆಯಾದಾಗ ಕೊಂಕು ಇಷ್ಟು ಜೋರಾಗಿ ತಗಲುವುದು ಇದೇ ಕಾರಣಕ್ಕೆ ಅನ್ನುವುದು ನನ್ನ ತಿಳಿವಳಿಕೆ. "ತಡ ಮಾಡಿದಿರಿ" ಅನ್ನುವುದು ಒಂದು ದೂರು, ಅದಕ್ಕೆ ಕಾರಣ ಹೇಳಬಹುದು. ಕೊಂಕು ಅದರ ಜೊತೆಗೆ "ಇದು ತಪ್ಪು ಅಂತ ನಿಮಗೇ ಗೊತ್ತಿರಬೇಕಿತ್ತು, ನಾನು ಬಾಯಿಬಿಟ್ಟು ಹೇಳಬೇಕೇ?" ಅಂತಲೂ ಹೇಳುತ್ತದೆ. ನಿಯಮ ಗೊತ್ತಿರುವವರಿಗೆ ಅದು ಸಲಿಗೆ. ನಿಯಮವನ್ನು ಕೇಳೇ ಇಲ್ಲದವರಿಗೆ ಅದು ಅವಮಾನ. ಕಾರಣ ಹೇಳಲೂ ಅಲ್ಲಿ ಜಾಗ ಇರುವುದಿಲ್ಲ, ಯಾಕೆಂದರೆ ಮೇಲ್ನೋಟಕ್ಕೆ ಅದು ಧನ್ಯವಾದ. ಧನ್ಯವಾದಕ್ಕೆ ಯಾರು ಸಮಜಾಯಿಷಿ ಕೊಡುತ್ತಾರೆ?

ಇನ್ನೊಂದು ಸಾಧ್ಯತೆಯೂ ಇದೆ. ಓದುವವರು ಪದಗಳನ್ನು ಹಾಗೇ ನಂಬಿಬಿಡಬಹುದು. "ಓ, ಒಂಬತ್ತು ದಿನ ಅಂದರೆ ಇವರಿಗೆ ಬೇಗ" ಅಂತ ಅಂದುಕೊಂಡು, ಮುಂದಿನ ಸಲ ಹನ್ನೆರಡು ದಿನ ತೆಗೆದುಕೊಳ್ಳಬಹುದು. ಇದು ಜಗಳಕ್ಕೆ ಹೋಗುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದೂ ಇಲ್ಲ. ಆದರೆ ಕೆಲಸ ಅಲ್ಲೇ ಕೆಡುತ್ತದೆ.

ನಾಲ್ಕು ಸಲ ಬರೆದ ಸಾಲು

ಈಗ ತಿದ್ದೋಣ. ಆ ಘಟನೆಯ ಮೇಲೆ ನಾನು ಕೂತು ಬರೆದು ನೋಡಿದ್ದನ್ನು ಬರೆದ ಕ್ರಮದಲ್ಲೇ ಕೊಡುತ್ತೇನೆ, ಯಾಕೆಂದರೆ ಮೊದಲ ಮೂರು ಸೋತದ್ದರಿಂದಲೇ ಜಾಸ್ತಿ ಕಲಿಯಬಹುದು.

ಎಲ್ಲರಿಗೂ ಮೊದಲು ಹೊಳೆಯುವುದು ಒಂದು ನಗುಮುಖ ಅಂಟಿಸುವುದು. ಇದಕ್ಕೆ ಇತಿಹಾಸವೂ ಇದೆ. 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್, ತಮಾಷೆಯ ಸಾಲಿಗೆ ಗುರುತಾಗಿ `:-)` ಹಾಕಬಹುದು ಅಂತ ಸಹೋದ್ಯೋಗಿಗಳಿಗೆ ಸೂಚಿಸಿದರು. ಲಿಫ್ಟ್ ಬಗ್ಗೆ ಹಾಕಿದ್ದ ಒಂದು ತಮಾಷೆಯನ್ನು ಕೆಲವರು ನಿಜವಾದ ಎಚ್ಚರಿಕೆ ಅಂತ ಓದಿದ್ದರಿಂದ ಆ ಚರ್ಚೆ ಎದ್ದಿತ್ತು. ಒಂದೇ ಕ್ಯಾಂಪಸ್ಸಿನವರ ನಡುವೆ ಅದು ಕೆಲಸ ಮಾಡಿತು. ಗಡಿ ದಾಟಿದರೆ ನಗುಮುಖವೇ ಬೇರೆ ಅರ್ಥ ಕೊಡಬಹುದು. ಚೀನಾದಲ್ಲಿ ಬಹಳಷ್ಟು ಯುವಕ ಯುವತಿಯರು 🙂 ಎಂಬ ಸಣ್ಣ ನಗುವನ್ನು ಸ್ನೇಹದ ಗುರುತಾಗಿ ಓದುವುದಿಲ್ಲ. ಅಸಡ್ಡೆ, ಬೇಸರ, ಚುಚ್ಚು ನಗೆ ಅಂತ ಓದುತ್ತಾರೆ. ಆಗ ನನ್ನ ಸಾಲು ಇನ್ನೂ ಚೂಪಾಗುತ್ತದೆ. ಅರ್ಥ ಒಂದೇ ಆಗಿದ್ದ ಕಡೆಯೂ ನಗುಮುಖ ಹೇಳುವುದು "ಇದನ್ನು ನಿಜ ಅಂದ್ಕೋಬೇಡಿ" ಅಂತ ಮಾತ್ರ. ನನಗೆ ನಿಜವಾಗಿ ಏನು ಬೇಕು ಅನ್ನುವುದನ್ನು ಅದು ಹೇಳುವುದಿಲ್ಲ.

ಎರಡನೆಯದು ಮೆತ್ತಗೆ ಮಾಡುವುದು. "ಉತ್ತರಕ್ಕೆ ಧನ್ಯವಾದ. ಸ್ವಲ್ಪ ಕಾಯಬೇಕಾಯಿತು, ಪರವಾಗಿಲ್ಲ ಬಿಡಿ." ನೋಡಲು ಒಳ್ಳೆಯದೇ. ಆದರೆ "ಸ್ವಲ್ಪ" ಸುಳ್ಳು, "ಪರವಾಗಿಲ್ಲ" ಇನ್ನೂ ದೊಡ್ಡ ಸುಳ್ಳು. ಕೊಂಕು ಹೋಗಿಲ್ಲ, ಅಡಗಿ ಕೂತಿದೆ. ಸೂಕ್ಷ್ಮವಾಗಿ ಓದುವವರು "ಪರವಾಗಿಲ್ಲ" ಅನ್ನುವುದರೊಳಗಿನ ಮುನಿಸನ್ನು ಹಿಡಿಯುತ್ತಾರೆ. ನೇರವಾಗಿ ಓದುವವರು ನಿಜವಾಗಿಯೂ ಪರವಾಗಿಲ್ಲ ಅಂದುಕೊಳ್ಳುತ್ತಾರೆ. ಮೊದಲ ಸಾಲಿಗೆ ಇದ್ದ ಎರಡು ಕಾಯಿಲೆಯೂ ಇಲ್ಲಿ ಹಾಗೇ ಇವೆ.

ಮೂರನೆಯದು ಪೂರ್ತಿ ನೇರ. "ನೀವು ಒಂಬತ್ತು ದಿನ ತಡ ಮಾಡಿದಿರಿ. ಇದರಿಂದ ನಮ್ಮ ಕೆಲಸ ನಿಂತಿತು. ಮುಂದೆ ಹೀಗಾಗಬಾರದು." ಇದರಲ್ಲಿ ವ್ಯಂಗ್ಯ ಚೂರೂ ಇಲ್ಲ. ಆದರೆ ವ್ಯಂಗ್ಯ ತೆಗೆಯುವ ಭರದಲ್ಲಿ ಗೆಳೆತನವನ್ನೂ ಕಿತ್ತು ಹಾಕಿದೆ. "ತಡ" ಅನ್ನಬೇಕಾದರೆ ಮೊದಲೇ ಒಂದು ದಿನಾಂಕ ಹೇಳಿರಬೇಕು ತಾನೇ? ನಾನು ಹೇಳಿರಲೇ ಇಲ್ಲ. ಹಾಗಾಗಿ ಈ ಸಾಲು ಒರಟು ಮಾತ್ರ ಅಲ್ಲ, ನಿಜವೂ ಅಲ್ಲ. ಮುರಿದ ನಿರೀಕ್ಷೆ ಅವರಿಗೆ ಗೊತ್ತಿತ್ತೇ ಅಂತ ಕೇಳದೆ ಬರೆದರೆ ಆಗುವುದು ಹೀಗೆಯೇ.

ನಾಲ್ಕನೆಯದಕ್ಕೆ ಕೂರುವ ಮೊದಲು ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಂಡೆ. ಆದದ್ದು: ಒಂಬತ್ತನೆಯ ದಿನ ಮೂರೂ ಉತ್ತರ ಬಂದವು, ಚೆನ್ನಾಗಿವೆ. ನನಗೆ ಕಷ್ಟವಾದದ್ದು: ಯಾವಾಗ ಬರುತ್ತದೆ ಗೊತ್ತಿಲ್ಲದೆ ಕೆಲಸ ನಿಲ್ಲಿಸಿ ಕೂತದ್ದು. ಬೇಕಾದದ್ದು: ಮುಂದಿನ ಸಲ ದಿನ ಮೊದಲೇ ಗೊತ್ತಾಗಬೇಕು. ಬರೆದುಕೊಂಡ ಮೇಲೆ ನನಗೇ ಒಂದು ಹೊಸ ವಿಷಯ ಕಂಡಿತು. ನನ್ನ ಸಿಟ್ಟು ಒಂಬತ್ತು ದಿನದ ಮೇಲೆ ಇರಲೇ ಇಲ್ಲ. ಮೊದಲ ದಿನವೇ "ಒಂಬತ್ತು ದಿನ ಬೇಕು" ಅಂದಿದ್ದರೆ ನಾನು ಬೇರೆ ಕೆಲಸ ಹಿಡಿಯುತ್ತಿದ್ದೆ. ಕೊಂಕು "ಬೇಗ" ಎಂಬ ಪದದ ಮೇಲೆ ಕೂತಿತ್ತು, ನೋವು ಮಾತ್ರ "ಗೊತ್ತಿಲ್ಲ" ಅನ್ನುವುದರಲ್ಲಿತ್ತು. ಕೊಂಕು ತೋರಿಸುವ ಜಾಗವೇ ನೋವಿನ ಜಾಗ ಅಂತ ನಂಬಿ ತಿದ್ದಿದ್ದರೆ ತಪ್ಪು ವಿಷಯ ಕೇಳಿಬಿಡುತ್ತಿದ್ದೆ.

ಆಮೇಲೆ ಬಂದ ಸಾಲುಗಳು ಇವು:

"ಮೂರೂ ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು, ಧನ್ಯವಾದ. ಎರಡನೆಯದರ ಅಳತೆಗಳು ನಮಗೆ ಬೇಕಿದ್ದಂತೆಯೇ ಇವೆ. ಆ ಉತ್ತರ ಬರುವವರೆಗೆ ನಮ್ಮ ಕಡೆ ಕೆಲಸ ನಿಲ್ಲಿಸಬೇಕಾಗಿತ್ತು. ಇದನ್ನು ನಾನು ಮೊದಲೇ ನಿಮಗೆ ತಿಳಿಸಿರಲಿಲ್ಲ. ಮುಂದಿನ ಸಲ ಪ್ರಶ್ನೆ ಕಳಿಸಿದಾಗ, ಉತ್ತರ ಸಿದ್ಧವಾಗುವ ಮುಂಚೆಯೇ, ಅದು ಯಾವ ದಿನ ಸಿಗಬಹುದು ಅಂತ ಎರಡು ದಿನದೊಳಗೆ ಒಂದು ಸಾಲು ಬರೆದರೆ ಅದಕ್ಕೆ ತಕ್ಕಂತೆ ನಾವು ಬೇರೆ ಕೆಲಸ ಹಿಡಿಯುತ್ತೇವೆ. ಎರಡು ದಿನ ಸಾಲದಿದ್ದರೆ ಎಷ್ಟು ಬೇಕು ತಿಳಿಸಿ."

ಉದ್ದವಾಯಿತು, ನಿಜ. ಎರಡು ಸಾಲು ಆರಾಯಿತು. ಕೊಂಕು ಚಿಕ್ಕದಾಗಿರುವುದು ಇಬ್ಬರಿಗೂ ಗೊತ್ತಿರುವುದನ್ನು ಬಿಟ್ಟು ಹೇಳುವುದರಿಂದ. ಇಲ್ಲಿ ಇಬ್ಬರಿಗೂ ಗೊತ್ತಿರುವುದು ಕಡಿಮೆ, ಬಿಟ್ಟಿದ್ದನ್ನೆಲ್ಲ ತಿರುಗಿ ಬರೆಯಲೇಬೇಕು.

ಇದರಲ್ಲಿ ಎರಡು ಕಡೆ ಸ್ವಲ್ಪ ನಿಲ್ಲುತ್ತೇನೆ. "ಕೆಲಸ ನಿಲ್ಲಿಸಬೇಕಾಗಿತ್ತು" ಅನ್ನುವ ಸಾಲಿನಲ್ಲಿ "ನೀವು" ಇಲ್ಲ. ಕಷ್ಟ ಪೂರ್ತಿ ಹೇಳಿದೆ, ಆದರೆ ಅದನ್ನು ಯಾರ ತಲೆಗೂ ಕಟ್ಟಿಲ್ಲ. ಓದುವವರು ತಾವಾಗಿಯೇ "ಓ, ನನ್ನಿಂದ ಹೀಗಾಯಿತು" ಅಂತ ಯೋಚಿಸಬಹುದು. ಆ ಯೋಚನೆ ಅವರಿಂದಲೇ ಬಂದರೆ ಅವಮಾನ ಆಗುವುದಿಲ್ಲ. ಇನ್ನೊಂದು, ಕೊನೆಯ ಸಾಲು. ನಾನು ಮೊದಲು "ಎರಡು ದಿನದೊಳಗೆ ತಿಳಿಸಲು ಆಗುತ್ತದೆಯೇ?" ಅಂತ ಬರೆದಿದ್ದೆ. ಎಷ್ಟೋ ಕಡೆ ಇಂಥ ಪ್ರಶ್ನೆಗೆ "ಇಲ್ಲ" ಅನ್ನುವುದು ಒರಟುತನ. ಆಗದಿದ್ದರೂ "ಆಗುತ್ತದೆ" ಅಂತಲೇ ಉತ್ತರ ಬರುತ್ತದೆ. "ಸಾಲದಿದ್ದರೆ ಎಷ್ಟು ಬೇಕು" ಅಂತ ಕೇಳಿದರೆ "ಇಲ್ಲ" ಅನ್ನದೆಯೇ ನಿಜ ಹೇಳಬಹುದು, ಒಂದು ಸಂಖ್ಯೆ ಬರೆದರೆ ಸಾಕು.

ಕಳಿಸುವ ಮೊದಲು ನಾನು ಮಾಡುವ ಪರೀಕ್ಷೆ ಒಂದೇ. ಸಾಲನ್ನು ಇಬ್ಬರ ಕಣ್ಣಲ್ಲಿ ಓದುತ್ತೇನೆ. ಒಬ್ಬರು ಪ್ರತಿ ಪದವನ್ನೂ ಹಾಗೇ ನಂಬುವವರು. ಇನ್ನೊಬ್ಬರಿಗೆ ಆಗಲೇ ನನ್ನ ಮೇಲೆ ಅನುಮಾನ ಇದೆ, ಪ್ರತಿ ಪದದಲ್ಲೂ ಮುಳ್ಳು ಹುಡುಕುತ್ತಾರೆ. ಇಬ್ಬರೂ ಒಂದೇ ಕೆಲಸ ಮಾಡಲು ಹೊರಟರೆ, ಅಂದರೆ ಇಲ್ಲಿ ಒಂದು ದಿನಾಂಕ ಬರೆದು ಕಳಿಸಲು ಹೊರಟರೆ, ಸಾಲು ಸರಿ ಇದೆ. ಮೂಲ ಸಾಲನ್ನು ಹೀಗೆ ಓದಿದರೆ ಒಬ್ಬರು ಸಂತೋಷಪಡುತ್ತಾರೆ, ಇನ್ನೊಬ್ಬರು ಮ್ಯಾನೇಜರನ್ನು ಕರೆಯುತ್ತಾರೆ.

ಹೊಗಳಿಕೆಯೂ ಬೈಗುಳವಾಗುವಾಗ

ಇಲ್ಲಿಯವರೆಗೆ ಹೇಳಿದ್ದು ದೂರು ಒಳಗಿಟ್ಟುಕೊಂಡ ಹೊಗಳಿಕೆ. ಇದರ ತಿರುವೂ ಇದೆ, ಹೊರಗೆ ಬೈಗುಳ, ಒಳಗೆ ಪ್ರೀತಿ. ನಮ್ಮ ಅಲಂಕಾರ ಶಾಸ್ತ್ರ ಎರಡಕ್ಕೂ ವ್ಯಾಜಸ್ತುತಿ ಅಂತ ಒಂದೇ ಹೆಸರು ಇಟ್ಟಿದೆ. ಹೊಗಳುವ ನೆಪದಲ್ಲಿ ತೆಗಳುವುದು, ತೆಗಳುವ ನೆಪದಲ್ಲಿ ಹೊಗಳುವುದು. ಎರಡನೆಯದು ಇನ್ನೂ ಅಪಾಯ, ಯಾಕೆಂದರೆ ಬರೆಯುವಾಗ ಮನಸ್ಸಿನಲ್ಲಿ ಸಿಟ್ಟೇ ಇರುವುದಿಲ್ಲ, ಹಾಗಾಗಿ ಎಚ್ಚರವೂ ಇರುವುದಿಲ್ಲ.

ರಾತ್ರಿಯೆಲ್ಲ ಕೂತು ಕೆಲಸ ಮುಗಿಸಿ ಕಳಿಸಿದವರಿಗೆ "ನೀವೇನು ಮನುಷ್ಯರೋ ಅಲ್ವೋ? ಹೀಗೆ ಮಾಡಿದ್ರೆ ನಾವೆಲ್ಲ ಮನೆಗೆ ಹೋಗ್ಬೇಕಷ್ಟೇ" ಅಂತ ಬರೆದರೆ, ನಮಗೆ ಅದಕ್ಕಿಂತ ದೊಡ್ಡ ಶಹಬ್ಬಾಸ್ ಇಲ್ಲ. ಹೊರಗಿನವರು ಇದನ್ನು ಪದ ಪದವಾಗಿ ಓದಿದರೆ ಎರಡು ಆರೋಪ ಕಾಣುತ್ತದೆ. ನಾನು ಸರಿ ಇಲ್ಲ, ನನ್ನಿಂದ ಉಳಿದವರ ಕೆಲಸಕ್ಕೆ ಕುತ್ತು. ಇದನ್ನು ತಿದ್ದುವುದು ಸುಲಭ. ಬೆರಗಾದದ್ದು ಯಾವುದಕ್ಕೆ ಅಂತ ಹೇಳಿಬಿಡಬೇಕು: "ನಾಳೆ ಸಂಜೆಗೆ ಬರಬಹುದು ಅಂದುಕೊಂಡಿದ್ದೆ, ಇವತ್ತು ಬೆಳಿಗ್ಗೆಯೇ ಬಂತು. ಒಂದೂ ತಪ್ಪು ಸಿಗಲಿಲ್ಲ. ತುಂಬ ಧನ್ಯವಾದ." ಇಲ್ಲೂ ಒಳಗೆ ಇದ್ದದ್ದು ಒಂದು ನಿರೀಕ್ಷೆಯೇ. ಅದು ಒಳ್ಳೆಯ ಕಡೆಗೆ ಮುರಿದಿತ್ತು, ಅಷ್ಟೇ. ಅದನ್ನೇ ಎತ್ತಿ ಹೊರಗಿಟ್ಟರೆ ಹೊಗಳಿಕೆ ತಾನಾಗಿ ಕಾಣುತ್ತದೆ.

ನಮ್ಮನ್ನೇ ನಾವು ಹಳಿದುಕೊಳ್ಳುವ ಮಾತೂ ಹೀಗೆಯೇ. "ನನಗೆ ಇದೆಲ್ಲ ಎಲ್ಲಿ ತಲೆಗೆ ಹೋಗುತ್ತೆ" ಅಂತ ಬರೆದ ಹಿರಿಯರೊಬ್ಬರನ್ನು ಕೆಲಸ ಗೊತ್ತಿಲ್ಲದವರು ಅಂತ ತಿಳಿದು, ಅವರಿಗೆ ಮೊದಲ ಪಾಠದಿಂದ ವಿವರಿಸಿ ಉತ್ತರ ಬಂದದ್ದನ್ನು ನೋಡಿದ್ದೇನೆ. ಆ ಹಿರಿಯರಿಗೆ ಅದು ಅವಮಾನವಾಯಿತು. ಉತ್ತರ ಬರೆದವರು ಪಾಪ, ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದರು.

ಬರೆದ ಸಾಲಿನಲ್ಲಿ ಕೊಂಕು ಎಲ್ಲಿ ಅಡಗಿರುತ್ತದೆ ಅಂತ ಹುಡುಕುವವರು ಮೂರು ಕಡೆ ನೋಡಿದರೆ ಬಹುಪಾಲು ಸಿಗುತ್ತದೆ. ಇರುವುದಕ್ಕಿಂತ ದೊಡ್ಡ ಹೊಗಳಿಕೆ ಒಂದು, "ಅದ್ಭುತ", "ಎಂಥಾ ಯೋಜನೆ" ಥರದ್ದು. ಉತ್ತರ ಬೇಡದ ಪ್ರಶ್ನೆ ಇನ್ನೊಂದು, "ನನ್ನ ಮೇಲ್ ಓದಿದಿರಾ?" ಅನ್ನುವಂಥದ್ದು. ಮತ್ತೊಂದು, ಪದದ ಸುತ್ತ ಹಾಕುವ ಉದ್ಧರಣ ಚಿಹ್ನೆ. ನಿಮ್ಮ "ತಜ್ಞರು" ಅಂತ ಬರೆದರೆ ಆ ಚಿಹ್ನೆಯೇ ಅವರು ತಜ್ಞರಲ್ಲ ಅನ್ನುತ್ತದೆ. ಇದರಲ್ಲಿ ಒಂದು ತೊಡಕಿದೆ. ಕೆಲವರು ಉದ್ಧರಣ ಚಿಹ್ನೆಯನ್ನು ಬರೀ ಒತ್ತು ಕೊಡಲು ಬಳಸುತ್ತಾರೆ. ಅಂಥವರ ಸಾಲಿನಲ್ಲಿ ಕೊಂಕು ಇಲ್ಲದಿದ್ದರೂ ಓದುವವರಿಗೆ ಕಾಣುತ್ತದೆ. ಆಗ ಚಿಹ್ನೆ ತೆಗೆದರೆ ಸಾಕು, ಸಾಲು ಬದಲಿಸುವುದು ಬೇಡ.

ಬೇರೆಯವರ ಸಾಲನ್ನು ತಿದ್ದುವಾಗ ಒಂದು ಮಿತಿ ಇದೆ. ಸಾಲು ನನ್ನದಾದರೆ ಒಳಗಿನ ಮಾತು ನನಗೆ ಗೊತ್ತು. ಇನ್ನೊಬ್ಬರದಾದರೆ ಗೊತ್ತಿಲ್ಲ. ಅವರು ನಿಜವಾಗಿಯೂ ಸಿಟ್ಟಾಗಿರಬಹುದು, ಆ ಸಿಟ್ಟು ತಲುಪಬೇಕು ಅಂತಲೇ ಬರೆದಿರಬಹುದು. ಅದನ್ನು ಸಕ್ಕರೆ ಹಚ್ಚಿ ಕಳಿಸಿದರೆ ಅದು ತಿದ್ದುಪಡಿ ಆಗುವುದಿಲ್ಲ, ಅವರ ಮಾತನ್ನು ಕದ್ದಹಾಗೆ ಆಗುತ್ತದೆ. ಹಾಗಾಗಿ ಮೊದಲು ಕೇಳಬೇಕು: "ಇದನ್ನು ಓದಿ ಅವರು ಏನು ಮಾಡಬೇಕು ಅಂತ ನಿಮ್ಮ ಆಸೆ?" ಉತ್ತರ ಬಂದರೆ ಅದನ್ನೇ ಬರೆಯಬಹುದು. "ಏನೂ ಬೇಡ, ಅವರಿಗೆ ತಾಗಬೇಕು ಅಷ್ಟೇ" ಅಂದರೆ, ಸಾಲನ್ನು ತಿದ್ದುವ ಕೆಲಸ ಅಲ್ಲಿಗೆ ಮುಗಿಯಿತು. ಕಳಿಸಬೇಕೋ ಬೇಡವೋ ಅನ್ನುವುದಷ್ಟೇ ಉಳಿಯುತ್ತದೆ.

ಕಳಿಸಿ ಆಗಿದ್ದರೆ

ತಾಗಿದೆ ಅಂತ ಯಾರೂ ಬರೆದು ತಿಳಿಸುವುದಿಲ್ಲ. ಮೇಲ್‌ನ ಆಕಾರ ಬದಲಾಗುತ್ತದೆ. ಹೆಸರು ಹಿಡಿದು ಕರೆಯುತ್ತಿದ್ದವರು ಬಿಡುತ್ತಾರೆ. ಉತ್ತರ ಚಿಕ್ಕದಾಗುತ್ತದೆ, ಭಾಷೆ ಗಟ್ಟಿಯಾಗುತ್ತದೆ. ಕೇಳದೆ ಕ್ಷಮೆ ಬರುತ್ತದೆ. ಸಿಸಿಯಲ್ಲಿ ಹೊಸ ಹೆಸರು ಬರುತ್ತದೆ. ನನಗೆ ಬಂದ ಎರಡು ಸಾಲಿನಲ್ಲಿ ಈ ಎಲ್ಲ ಗುರುತೂ ಇತ್ತು. ಒಂದೊಂದೇ ಆಗಿದ್ದರೆ ಅದಕ್ಕೆ ನೂರು ಕಾರಣ ಇರಬಹುದು, ಒಟ್ಟಿಗೆ ಬಂದರೆ ನಮ್ಮ ಹಿಂದಿನ ಮೇಲ್ ತೆಗೆದು ಓದಬೇಕು.

ಆಗ ಬಾಯಿಗೆ ಬರುವುದು "ಅಯ್ಯೋ, ತಮಾಷೆಗೆ ಹೇಳಿದ್ದು" ಅನ್ನುವ ಮಾತು. ಅದನ್ನು ಬರೆಯಬೇಡಿ. "ನನ್ನದು ಸರಿ ಇತ್ತು, ನಿಮಗೆ ತಮಾಷೆ ಅರ್ಥವಾಗಲಿಲ್ಲ" ಅಂತ ಅದು ಓದಿಸಿಕೊಳ್ಳುತ್ತದೆ, ಮೊದಲ ಗಾಯದ ಮೇಲೆ ಇನ್ನೊಂದು. ನಾನು ಬರೆದದ್ದು ಹೀಗೆ, ಅವರೊಬ್ಬರಿಗೇ, ಸಿಸಿ ಇಲ್ಲದೆ:

"ನಿಮ್ಮ ಉತ್ತರಕ್ಕೆ ನಾನು ಬರೆದ ಮಾತು ಸರಿ ಇರಲಿಲ್ಲ, ಕ್ಷಮಿಸಿ. ನಿಮ್ಮ ಮೂರೂ ಉತ್ತರ ಸ್ಪಷ್ಟವಾಗಿದ್ದವು, ಅವುಗಳಿಂದ ನಮ್ಮ ಕೆಲಸ ಮುಂದುವರಿಯಿತು. ನಾನು ಹೇಳಬೇಕಿದ್ದದ್ದು ಇದು."

ಅದರ ಕೆಳಗೆ ಮೇಲಿನ ನಾಲ್ಕನೆಯ ಸಾಲುಗಳನ್ನು ಹಾಕಿದೆ. ಅವರ ತಂಡದವರು ಫೋನಿನಲ್ಲಿ ಹೇಳಿದ ಕಾರಣವನ್ನು ಅದರಲ್ಲಿ ಸೇರಿಸಲಿಲ್ಲ. ತಮ್ಮ ಬೆನ್ನ ಹಿಂದೆ ಮಾತಾಡಿದ್ದಾರೆ ಅಂತ ಅವರಿಗೆ ಅನಿಸಬಾರದಿತ್ತು.

ಉತ್ತರ ಮಾರನೆಯ ದಿನವೇ ಬಂತು. ಶುರುವಿನಲ್ಲಿ ನನ್ನ ಹೆಸರಿತ್ತು. "ಎರಡು ದಿನ ಸಾಲುವುದಿಲ್ಲ, ಅಳತೆ ಬೇರೆ ವಿಭಾಗದಿಂದ ಬರಬೇಕು. ನಾಲ್ಕು ದಿನ ಕೊಡಿ, ಅಷ್ಟರಲ್ಲಿ ದಿನಾಂಕ ಖಚಿತವಾಗಿ ತಿಳಿಸುತ್ತೇನೆ. ಪ್ರಶ್ನೆಗಳನ್ನು ನೇರವಾಗಿ ನನಗೇ ಕಳಿಸಿ."